ಸ್ಟ್ರಿಪ್ ಓದಲು ಕಲಿತ ಮೊದಲ ವಾರ: ಎರಡರ ಮೇಲೂ 50 ಅಂತಲೇ ಇತ್ತು

ಹೇಮಾವತಿ ದಂಡೆ

ಡಿ.ಫಾರ್ಮ ಎರಡು ವರ್ಷ ಮುಗಿಸಿ ಈಗ ಹಾಸನದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಮೆಡಿಕಲ್ ಶಾಪಿನಲ್ಲಿ ಟ್ರೈನಿಂಗ್ ಮಾಡುತ್ತಿದ್ದೇನೆ. ಒಟ್ಟು 500 ಗಂಟೆ ಆಗಬೇಕು. ಸೇರಿದ ಆರನೇ ದಿನಕ್ಕೇ ಒಂದು ತಪ್ಪು ಮಾಡಿದೆ, ನಮ್ಮ ಸೀನಿಯರ್ ಅಕ್ಕ ಹಿಡಿದರು. ಸ್ವಲ್ಪ ಉದ್ದ ಆಗುತ್ತದೆ, ಆದರೂ ಮೊದಲಿಂದ ಹೇಳುತ್ತೇನೆ. ಯಾಕೆಂದರೆ ನಾನು ಓದದೇ ತಪ್ಪಿದ್ದಲ್ಲ, ಓದಿಯೇ ತಪ್ಪಿದ್ದು.

ಮೊದಲ ದಿನ ಅಕ್ಕ ನನ್ನನ್ನು ಕೌಂಟರಿಗೆ ಬಿಡಲಿಲ್ಲ. ಹಿಂದಿನ ರ‍್ಯಾಕಿನ ಮುಂದೆ ಸ್ಟೂಲ್ ಹಾಕಿ, ಕೈಗೆ ಹತ್ತು ಸ್ಟ್ರಿಪ್ ಕೊಟ್ಟು, "ಹಿಂಭಾಗ ತಿರುಗಿಸಿ ಜೋರಾಗಿ ಓದು" ಅಂದರು. ನಾನು ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರು ಓದಿದೆ. "ಅದು ಬೇಡ, ಈಚ್ ಅಂತ ಶುರುವಾಗುವ ಸಾಲು ಓದು" ಅಂದರು. ಈಚ್ ಅನ್‌ಕೋಟೆಡ್ ಟ್ಯಾಬ್ಲೆಟ್ ಕಂಟೇನ್ಸ್, ಈಚ್ ಫಿಲ್ಮ್ ಕೋಟೆಡ್ ಟ್ಯಾಬ್ಲೆಟ್ ಕಂಟೇನ್ಸ್. ಎಲ್ಲಾ ಸ್ಟ್ರಿಪ್ಪಲ್ಲೂ ಅದೇ ಮಾತು ಅನ್ನಿಸಿತು. ಸಂಜೆ ಹೊತ್ತಿಗೆ ಆ ಸಾಲು ಕಣ್ಣಿಗೆ ಕಂಡರೂ ತಲೆಗೆ ಹೋಗುತ್ತಿರಲಿಲ್ಲ. ಮದ್ದಿನ ಹೆಸರು, ಎಂಜಿ, ಎಕ್ಸ್‌ಪೈರಿ, ಇಷ್ಟೇ ನೋಡುತ್ತಿದ್ದೆ. ತಪ್ಪಿನ ಬೀಜ ಅಲ್ಲೇ ಬಿದ್ದಿತ್ತು ಅಂತ ಈಗ ಅನ್ನಿಸುತ್ತದೆ.

ಎರಡನೇ ದಿನ ಕತ್ತರಿ ಕೊಟ್ಟರು. ನಾಲ್ಕು ಮಾತ್ರೆ ಕೇಳಿದವರಿಗೆ ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ತುದಿ ಅಂಗಡಿಯಲ್ಲೇ ಉಳಿಯಬೇಕು, ಇನ್ನೊಂದು ತುದಿಯಿಂದ ಕತ್ತರಿಸಬೇಕು. ಇಲ್ಲದಿದ್ದರೆ ಡಬ್ಬದಲ್ಲಿ ಉಳಿದ ತುಂಡಿಗೆ ತಾರೀಖೇ ಇರುವುದಿಲ್ಲ. ಹಾಗಾದರೆ ತೆಗೆದುಕೊಂಡು ಹೋದವರಿಗೆ ತಾರೀಖು ಇರುವುದಿಲ್ಲವಲ್ಲ ಅಕ್ಕ ಅಂತ ಕೇಳಿದೆ. "ಅದಕ್ಕೇ ಕವರ್ ಮೇಲೆ ಪೆನ್ನಲ್ಲಿ ಬರಿ, ಬಿಲ್ಲಲ್ಲೂ ಇರುತ್ತೆ" ಅಂದರು. ಎಕ್ಸ್‌ಪೈರಿಯಲ್ಲಿ ಬರೀ ತಿಂಗಳು, ವರ್ಷ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೂ ಲೆಕ್ಕ ಅನ್ನುವುದನ್ನೂ ಅವತ್ತೇ ಕಲಿತೆ.

ನಾಲ್ಕನೇ ದಿನ ಮೆಟೊಪ್ರೊಲಾಲ್ ಸ್ಟ್ರಿಪ್ ಕೈಗೆ ಬಂತು. ಹೆಸರಿನ ಪಕ್ಕ ದೊಡ್ಡದಾಗಿ 50. ಹಿಂದೆ ನೋಡಿದರೆ ಮೆಟೊಪ್ರೊಲಾಲ್ ಸಕ್ಸಿನೇಟ್ 47.5 ಎಂಜಿ, ಅದರ ಕೆಳಗೆ "ಈಕ್ವಿವಲೆಂಟ್ ಟು ಮೆಟೊಪ್ರೊಲಾಲ್ ಟಾರ್ಟ್ರೇಟ್ 50 ಎಂಜಿ". ನನಗೆ ತುಂಬಾ ಖುಷಿಯಾಯಿತು. ಮುಂದೆ 50, ಹಿಂದೆ 47.5 ಇದ್ದರೆ ಗಾಬರಿ ಬೀಳಬಾರದು, ಅದು ಇದಕ್ಕೆ ಸಮ ಅಂತ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಸಕ್ಸಿನೇಟ್ 47.5 = ಟಾರ್ಟ್ರೇಟ್ 50. ಅಡಿಗೆರೆ ಬೇರೆ ಎಳೆದೆ.

ಆರನೇ ದಿನ ಹಾಸನಾಂಬ ದರ್ಶನದ ಜನ. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ದೇವಸ್ಥಾನ, ಕ್ಯೂ ಎಷ್ಟು ಹೊತ್ತು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೇರೆ ಊರಿನಿಂದ ಬಂದವರು ಮಾತ್ರೆ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ, ಅಂಗಡಿ ಮುಂದೆ ಅಂಥವರೇ ಜಾಸ್ತಿ. ಅರಸೀಕೆರೆ ಕಡೆಯ ಒಬ್ಬ ಅಜ್ಜಿ ಮಗನ ಜೊತೆ ಬಂದರು. ಸಂಬಂಧಿಕರ ಮನೆಯಲ್ಲಿ ಮೂರು ದಿನ ಇರುವವರಿದ್ದರು. ಮಾತ್ರೆ ಡಬ್ಬ ಮನೆಯಲ್ಲಿ, ಚೀಟಿ ಮಾತ್ರ ಸೆರಗಿನ ಗಂಟಿನಲ್ಲಿ. ಮಡಿಸಿ ಮಡಿಸಿ ಹಿಂಜಿ ಹೋಗಿದ್ದರೂ ಅಕ್ಷರ ಸರಿಯಾಗಿತ್ತು: ಮೆಟೊಪ್ರೊಲಾಲ್ ಸಕ್ಸಿನೇಟ್ ಇಆರ್ 50, 1-0-0.

ರ‍್ಯಾಕಿನಲ್ಲಿ ಇಆರ್ 50 ಖಾಲಿ. ಪಕ್ಕದ ಡಬ್ಬದಲ್ಲಿ ಬೇರೆ ಕಂಪನಿಯದು ಸಿಕ್ಕಿತು, ಮೆಟೊಪ್ರೊಲಾಲ್ 50. ನಾನು ಸುಮ್ನೆ ತೆಗೆದುಕೊಂಡು ಹೋಗಲಿಲ್ಲ. ತಿರುಗಿಸಿ ಓದಿದೆ. ಮೆಟೊಪ್ರೊಲಾಲ್ ಟಾರ್ಟ್ರೇಟ್ 50 ಎಂಜಿ. ತಲೆಯಲ್ಲಿ ನನ್ನ ಅಡಿಗೆರೆ ಬಂತು. ಸಕ್ಸಿನೇಟ್ 47.5 ಅಂದರೆ ಟಾರ್ಟ್ರೇಟ್ 50, ಸರಿಯಾಗಿ ಹೊಂದಿತು ಅಂದುಕೊಂಡೆ. ಎಕ್ಸ್‌ಪೈರಿ ನೋಡಿದೆ, ಸರಿಯಾದ ತುದಿಯಿಂದ ಮೂರು ಮಾತ್ರೆ ಕತ್ತರಿಸಿದೆ, ಕವರ್ ಮೇಲೆ "ಬೆಳಿಗ್ಗೆ 1" ಅಂತ ಬರೆದೆ.

ನಾನು ತೆಗೆದಿದ್ದನ್ನು ಅಕ್ಕ ನೋಡದೆ ಗಿರಾಕಿ ಕೈಗೆ ಕೊಡುವ ಹಾಗಿಲ್ಲ. ಅವತ್ತಿನ ಗದ್ದಲದಲ್ಲೂ ಅವರು ಕವರಿನಿಂದ ಮಾತ್ರೆ ಹೊರಗೆ ತೆಗೆದು, ಉಳಿದ ಸ್ಟ್ರಿಪ್ ತರಿಸಿ, ತಿರುಗಿಸಿ ನನ್ನ ಮುಂದೆ ಹಿಡಿದರು. "ಈಚ್ ಅಂತ ಶುರುವಾಗುವ ಸಾಲು ಓದು." ಈಚ್ ಫಿಲ್ಮ್ ಕೋಟೆಡ್ ಟ್ಯಾಬ್ಲೆಟ್ ಅಂತ ಓದಿದೆ. "ಈಗ ಇದನ್ನು" ಅಂತ ಇಆರ್ 25ರ ಸ್ಟ್ರಿಪ್ ಕೊಟ್ಟರು. ಈಚ್ ಫಿಲ್ಮ್ ಕೋಟೆಡ್ ಎಕ್ಸ್‌ಟೆಂಡೆಡ್ ರಿಲೀಸ್ ಟ್ಯಾಬ್ಲೆಟ್. ಅಲ್ಲಿಗೆ ನನಗೆ ಮಾತು ನಿಂತಿತು.

ಆಮೇಲೆ ಅವರು ಅಜ್ಜಿಯನ್ನು ಕೂರಿಸಿ ಕೇಳಿದರು, "ಅಮ್ಮಾ, ಈ ಮಾತ್ರೆ ಬಿಪಿಗಾ, ಹಾರ್ಟಿಗಾ?" ಮಗ ಹೇಳಿದರು, ಹಾರ್ಟ್ ಪಂಪಿಂಗ್ ಕಮ್ಮಿ ಇದೆ ಅಂತ ಕೊಟ್ಟಿದ್ದಾರೆ, ಇವತ್ತು ಬೆಳಿಗ್ಗೆ ತಗೊಂಡಿಲ್ಲ ಅಂತ. ಅಕ್ಕ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ ಡಾಕ್ಟರನ್ನು ಕೇಳಿಯೇ ಇಆರ್ 25 ಎರಡೆರಡರಂತೆ ಆರು ಮಾತ್ರೆ ಕೊಟ್ಟರು. ಒಂದೊಂದರಲ್ಲಿ 23.75 ಸಕ್ಸಿನೇಟ್, ಎರಡು ಸೇರಿದರೆ 47.5. ಕವರ್ ಮೇಲೆ "ಬೆಳಿಗ್ಗೆ 2 ಮಾತ್ರೆ, ಜಗಿಯಬಾರದು, 3 ದಿನ ಮಾತ್ರ" ಅಂತ ಬರೆದರು. ಮಗನಿಗೆ ಎರಡು ಸಲ ಹೇಳಿದರು, ಊರಿಗೆ ಹೋದ ಮೇಲೆ ಮನೆಯ ಮಾತ್ರೆ ಒಂದೇ, ಅದನ್ನು ಎರಡು ನುಂಗಿಸಬೇಡಿ ಅಂತ. ಇದು ನನಗೆ ಹೊಳೆಯುತ್ತಲೇ ಇರಲಿಲ್ಲ. ಎರಡು ನುಂಗಿ ಅಭ್ಯಾಸವಾದವರು ಮನೆಯಲ್ಲೂ 50ರದನ್ನೇ ಎರಡು ನುಂಗಿದರೆ 100 ಆಗುತ್ತಿತ್ತು.

ಅಜ್ಜಿ ಹೋಗುವಾಗ "ಬತ್ತೀನಿ ಮಗಾ" ಅಂತ ನನ್ನ ತಲೆ ಸವರಿದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟು. ನಾನು ಕೊಟ್ಟಿದ್ದನ್ನೇ ಅಜ್ಜಿ ಮೂರು ದಿನ ನುಂಗಿದ್ದರೆ ನಿಜವಾಗಿ ಏನಾಗುತ್ತಿತ್ತು? ಅಕ್ಕನನ್ನು ಕೇಳಲು ಇನ್ನೂ ಧೈರ್ಯ ಬಂದಿಲ್ಲ.

---

ತೋಟದ ಮನೆ, ಮೂಡಿಗೆರೆ

ಸ್ಟ್ರಿಪ್ ಓದೋದು ನಮಗೂ ಕಷ್ಟವೇ. ನಮ್ಮ ಮನೆಯ ಮಿಷನ್‌ಗೆ ಹಾಕಿದರೆ ಒಂದು ಸಲ 180 ತೋರಿಸುತ್ತೆ, ಐದು ನಿಮಿಷ ಬಿಟ್ಟು ಹಾಕಿದರೆ 205. ಮಳೆಗಾಲದಲ್ಲಿ ಜಾಸ್ತಿ ಹೀಗಾಗುತ್ತೆ. ಡಬ್ಬದ ಮುಚ್ಚಳ ತೆಗೆದಿಟ್ಟರೆ ಹಾಳಾಗುತ್ತಾ?

ಹೇಮಾವತಿ ದಂಡೆ

ಸರ್, ನೀವು ಹೇಳುತ್ತಿರುವುದು ಶುಗರ್ ಟೆಸ್ಟ್ ಸ್ಟ್ರಿಪ್. ನಾನು ಹೇಳಿದ್ದು ಮಾತ್ರೆಯ ಸ್ಟ್ರಿಪ್. ಆದರೂ ಹೌದು, ತೇವ ತಗುಲಿದರೆ ಅವು ಹಾಳಾಗುತ್ತವೆ, ಒಂದು ತೆಗೆದ ತಕ್ಷಣ ಮುಚ್ಚಳ ಹಾಕಿಬಿಡಿ.

ಮಲ್ನಾಡ್ ರೈಡರ್

ಇಷ್ಟಕ್ಕೆಲ್ಲಾ ನಿದ್ದೆಗೆಡಬೇಡಿ. ನಾನು ಮೆಡಿಕಲ್ ರೆಪ್ ಆಗಿ ನಾಲ್ಕು ವರ್ಷ ಓಡಾಡಿದ್ದೇನೆ. ಸಕ್ಸಿನೇಟ್ ಆಗಲಿ ಟಾರ್ಟ್ರೇಟ್ ಆಗಲಿ ಒಳಗಿರುವ ಮದ್ದು ಮೆಟೊಪ್ರೊಲಾಲೇ. ಟಾರ್ಟ್ರೇಟ್ ಬೇಗ ಇಳಿದುಹೋಗುತ್ತೆ, ಅದಕ್ಕೆ 25ರದು ಬೆಳಿಗ್ಗೆ ಒಂದು, ರಾತ್ರಿ ಒಂದು ಕೊಟ್ಟರೆ ಲೆಕ್ಕ ಸರಿಹೋಯಿತು. ಇನ್ನೊಂದು ವಿಷಯ, 50 ಅಂತ ಮುಂದೆ ಬರೆದು ಒಳಗೆ 47.5 ಹಾಕುವುದು ಕಂಪನಿಯವರ ಉಳಿತಾಯ, ಅದನ್ನೂ ಯಾರಾದರೂ ಕೇಳಬೇಕು.

ಕೆಮಿಸ್ಟ್ರಿ ಮೇಷ್ಟ್ರು

ಉಳಿತಾಯ ಅಲ್ಲ. ಮೆಟೊಪ್ರೊಲಾಲ್ ಒಂದನ್ನೇ ಮಾತ್ರೆ ಮಾಡುವುದಿಲ್ಲ, ಒಂದು ಆಮ್ಲದ ಜೊತೆ ಸೇರಿಸಿ ಲವಣ ಮಾಡುತ್ತಾರೆ. ಟಾರ್ಟಾರಿಕ್ ಆಮ್ಲದ ಜೊತೆ ಸೇರಿದರೆ ಟಾರ್ಟ್ರೇಟ್, ಸಕ್ಸಿನಿಕ್ ಜೊತೆ ಸೇರಿದರೆ ಸಕ್ಸಿನೇಟ್. ಟಾರ್ಟಾರಿಕ್ ಸ್ವಲ್ಪ ಭಾರ. ಹಾಗಾಗಿ ಟಾರ್ಟ್ರೇಟ್ 100 ಎಂಜಿ ತೂಗಿದರೆ ಅದರಲ್ಲಿ ಮದ್ದು ಸುಮಾರು 78 ಎಂಜಿ, ಸಕ್ಸಿನೇಟಿನಲ್ಲಿ ಸುಮಾರು 82. ಈಗ 50ಕ್ಕೆ 0.78 ಗುಣಿಸಿ, 47.5ಕ್ಕೆ 0.82 ಗುಣಿಸಿ. ಎರಡೂ 39ರ ಹತ್ತಿರಕ್ಕೇ ಬರುತ್ತವೆ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ತೂಗುವುದಕ್ಕೂ ಸುಲಿದು ತೂಗುವುದಕ್ಕೂ ಇರುವ ವ್ಯತ್ಯಾಸ ಇದು, ಒಳಗಿನ ಕಾಯಿ ಅಷ್ಟೇ.

ತಂಗಿಯೋ ತಮ್ಮನೋ ಗೊತ್ತಿಲ್ಲ, ನೀವು ಬರೆದುಕೊಂಡ ಸಮೀಕರಣ ತಪ್ಪಲ್ಲ. ಅದು ಎಷ್ಟು ಮದ್ದು ಅಂತ ಹೇಳುತ್ತದೆ. ಎಷ್ಟು ಹೊತ್ತಿನಲ್ಲಿ ಬಿಡುತ್ತದೆ ಅಂತ ಹೇಳುವುದಿಲ್ಲ.

ಹಳೇ ಕೌಂಟರ್, ಚಿಕ್ಕಮಗಳೂರು

ಮೇಷ್ಟ್ರ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. 22 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ.

ಹೇಮಾವತಿ, ನಿಮ್ಮ ಪ್ರಶ್ನೆಗೆ ನೇರ ಉತ್ತರ. ಇಆರ್ ಮಾತ್ರೆ ಬೆಳಿಗ್ಗೆ ನುಂಗಿದರೆ ಮದ್ದು ದಿನವಿಡೀ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಹೋಗುತ್ತದೆ. ನೀವು ಕತ್ತರಿಸಿದ ಟಾರ್ಟ್ರೇಟ್ 50 ಹಾಗಲ್ಲ. ಒಂದೆರಡು ಗಂಟೆಯಲ್ಲೇ ಬಹುಪಾಲು ಒಟ್ಟಿಗೆ ಏರುತ್ತದೆ, ಸಂಜೆ ಹೊತ್ತಿಗೆ ತುಂಬಾ ಇಳಿದಿರುತ್ತದೆ. ಅಜ್ಜಿಗೆ ಬೆಳಿಗ್ಗೆ ನಾಡಿ ಬಡಿತ ಬೇಕಾದ್ದಕ್ಕಿಂತ ಕೆಳಗೆ ಹೋಗಬಹುದಿತ್ತು, ಕ್ಯೂನಲ್ಲಿ ನಿಂತಾಗ ಬಿಪಿ ಬಿದ್ದು ತಲೆ ಸುತ್ತಬಹುದಿತ್ತು. ರಾತ್ರಿಯಿಂದ ಬೆಳಗಿನವರೆಗೆ ಹಾರ್ಟಿಗೆ ಆಸರೆಯೇ ಇರುತ್ತಿರಲಿಲ್ಲ. ಏನೂ ಆಗದೆಯೂ ಇರಬಹುದಿತ್ತು, ಅದನ್ನೂ ಹೇಳಬೇಕು. ಮೂರು ದಿನದಲ್ಲಿ ಇಂಥದ್ದೇ ಆಗುತ್ತಿತ್ತು ಅಂತ ಯಾರೂ ಹೇಳಲಾರರು.

ರೈಡರ್ ಅವರೇ, ನಿಮ್ಮದು ಅರ್ಧ ಸರಿ. ಬರೀ ಬಿಪಿಗೆ, ಎದೆನೋವಿಗೆ ಟಾರ್ಟ್ರೇಟನ್ನು ದಿನಕ್ಕೆ ಎರಡು ಸಲ ಕೊಡುವ ಡಾಕ್ಟರರಿದ್ದಾರೆ. ಆದರೆ ಆ ಬದಲಾವಣೆ ಡಾಕ್ಟರ್ ಮಾಡಬೇಕು, ಕೌಂಟರಿನಲ್ಲಿ ನಾವಲ್ಲ. ಇನ್ನು ಪಂಪಿಂಗ್ ಕಮ್ಮಿ ಇರುವವರ ವಿಷಯವೇ ಬೇರೆ. 1999ರಲ್ಲಿ ಬಂದ ಮೆರಿಟ್-ಎಚ್‌ಎಫ್ ಅನ್ನುವ ಅಧ್ಯಯನದಲ್ಲಿ ಸುಮಾರು 4,000 ರೋಗಿಗಳಿದ್ದರು, ಅದರಲ್ಲಿ ಸಾವು ಕಮ್ಮಿಯಾದದ್ದು ಕಂಡುಬಂದದ್ದು ಈ ನಿಧಾನವಾಗಿ ಬಿಡುವ ಸಕ್ಸಿನೇಟಿನಲ್ಲಿ. ಟಾರ್ಟ್ರೇಟಿಗೆ ಅಂಥ ಆಧಾರ ಇಲ್ಲ. ನಿಮ್ಮ ಅಕ್ಕ "ಬಿಪಿಗಾ, ಹಾರ್ಟಿಗಾ" ಅಂತ ಕೇಳಿದ್ದು ಅದಕ್ಕೇ.

ಅವರು ಇನ್ನೊಂದು ಕೆಲಸವನ್ನೂ ಸರಿಯಾಗಿ ಮಾಡಿದ್ದಾರೆ. "ನಿಮ್ಮ ಮಾತ್ರೆ ಇಲ್ಲ, ಮೂರು ದಿನ ತಾನೇ, ಊರಿಗೆ ಹೋಗಿ ತಗೊಳ್ಳಿ" ಅಂತ ಕಳಿಸಲಿಲ್ಲ. ಈ ಜಾತಿಯ ಮಾತ್ರೆಯನ್ನು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ನಾಡಿ, ಬಿಪಿ ಎರಡೂ ಎಗರಬಹುದು, ಹಾರ್ಟಿನ ತೊಂದರೆ ಇರುವವರಿಗೆ ಎದೆನೋವೂ ಬರಬಹುದು.

ನೈಟ್ ಡ್ಯೂಟಿ

ನಾನು ಸ್ಟಾಫ್ ನರ್ಸ್. ವಾರ್ಡಿನಲ್ಲಿ ಈ ಮಾತ್ರೆ ಕೊಡುವ ಮುಂಚೆ ನಾಡಿ ನೋಡಿಯೇ ಕೊಡುತ್ತೇವೆ. 60ಕ್ಕಿಂತ ಕೆಳಗಿದ್ದರೆ ಡಾಕ್ಟರಿಗೆ ಹೇಳಿ, ಅವರು ಕೊಡಿ ಅಂದರೆ ಮಾತ್ರ ಕೊಡುತ್ತೇವೆ. ಅಂಗಡಿಯಲ್ಲಿ ಅದು ಆಗುವುದಿಲ್ಲ, ಹಾಗಾಗಿ ಸ್ಟ್ರಿಪ್ಪೇ ಗತಿ. ನಿಮ್ಮ ಅಕ್ಕ ಅಷ್ಟು ಜನರ ಮಧ್ಯೆ ಕವರ್ ಬಿಚ್ಚಿ ನೋಡಿದರಲ್ಲ, ಅವರಿಗೆ ನನ್ನ ನಮಸ್ಕಾರ ಹೇಳಿ.

ಕಾಯಿ ಮಂಡಿ, ಅರಸೀಕೆರೆ

ನಮ್ಮ ಅತ್ತೆಯ ವಿಷಯ ಹೇಳುತ್ತೇನೆ, ದಯವಿಟ್ಟು ಯಾರಾದರೂ ಉತ್ತರ ಕೊಡಿ. ಸ್ಟ್ರೋಕ್ ಆದ ಮೇಲೆ ನುಂಗುವುದು ಕಷ್ಟ. ಎಲ್ಲಾ ಮಾತ್ರೆ ಒಟ್ಟಿಗೆ ಕುಟ್ಟಿ ರಾಗಿ ಗಂಜಿಗೆ ಹಾಕಿ ಕುಡಿಸುತ್ತಿದ್ದೇವೆ, ಎಂಟು ತಿಂಗಳಾಯಿತು. ಈಗ ಇದನ್ನು ಓದಿ ಎದ್ದು ಹೋಗಿ ಡಬ್ಬ ನೋಡಿದೆ. ಅದರಲ್ಲಿ ಒಂದು ಸ್ಟ್ರಿಪ್ಪಲ್ಲಿ ಎಕ್ಸ್‌ಟೆಂಡೆಡ್ ರಿಲೀಸ್ ಅಂತ ಇದೆ. ಬೆಳಿಗ್ಗೆ ಗಂಜಿ ಕುಡಿದ ಮೇಲೆ ಅವರು ಮಂಕಾಗಿ ಮಲಗಿಬಿಡುತ್ತಾರೆ. ನಾವು ವಯಸ್ಸು ಅಂದುಕೊಂಡಿದ್ದೆವು.

ಹಳೇ ಕೌಂಟರ್, ಚಿಕ್ಕಮಗಳೂರು

ಕಾಯಿ ಮಂಡಿಯವರೇ, ಆ ಮಾತ್ರೆಯನ್ನು ಕುಟ್ಟುವುದು ಬೇಡ. ಕುಟ್ಟಿದರೆ ದಿನವಿಡೀ ಬಿಡಬೇಕಾದದ್ದು ಒಂದೇ ಸಲ ಹೊಟ್ಟೆಗೆ ಹೋಗುತ್ತದೆ. ಹಾಗಂತ ನೀವೇ ನಿಲ್ಲಿಸಲೂಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಕುಟ್ಟಿ ಕೊಡುತ್ತಿದ್ದೇವೆ ಅಂತ ಈ ಮಾತನ್ನೇ ಹೇಳಿ. ಹೋಗುವಾಗ ಎಲ್ಲಾ ಸ್ಟ್ರಿಪ್ಪನ್ನೂ ತೆಗೆದುಕೊಂಡು ಹೋಗಿ. ಬರೀ ಹೆಸರು ಹೇಳಿದರೆ ಸಾಲದು, ಅವರು ಹಿಂಭಾಗ ನೋಡಬೇಕು. ಅಷ್ಟರೊಳಗೆ ಎಬ್ಬಿಸಿದರೂ ಏಳದ ಹಾಗೆ ಆದರೆ, ಉಸಿರು ಕಷ್ಟವಾದರೆ, ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಂಕಿಗೆ ಇದೇ ಕಾರಣ ಅಂತ ನಾನು ಇಲ್ಲಿ ಕೂತು ಹೇಳಲಾರೆ, ಸ್ಟ್ರೋಕ್ ಆದವರಲ್ಲಿ ಬೇರೆ ಕಾರಣಗಳೂ ಇರುತ್ತವೆ.

ಮಲ್ನಾಡ್ ರೈಡರ್

ಸರಿ, ಹಾರ್ಟಿನ ವಿಷಯ ಒಪ್ಪಿದೆ, 47.5 ವಿಷಯವೂ ಒಪ್ಪಿದೆ ಮೇಷ್ಟ್ರೇ. ಆದರೆ ಒಂದು ಅನುಮಾನ. ಎಷ್ಟೋ ಇಆರ್ ಮಾತ್ರೆಗೆ ನಡುವೆ ಗೆರೆ ಇರುತ್ತೆ. ಮುರಿಯಬಾರದು ಅಂದರೆ ಗೆರೆ ಯಾಕೆ? ಡಾಕ್ಟರೇ "ಅರ್ಧ ತಗೊಳ್ಳಿ" ಅಂತ ಬರೆದಿರುವುದನ್ನು ನೋಡಿದ್ದೇನೆ.

ಹಳೇ ಕೌಂಟರ್, ಚಿಕ್ಕಮಗಳೂರು

ಒಳ್ಳೆಯ ಪ್ರಶ್ನೆ. ಮಾತ್ರೆ ಹೇಗೆ ಮಾಡಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಕೆಲವು ಮಾತ್ರೆಯೊಳಗೆ ಸಣ್ಣ ಸಣ್ಣ ಕಾಳುಗಳಿರುತ್ತವೆ, ಪ್ರತಿ ಕಾಳಿಗೂ ಅದರದೇ ಕೋಟಿಂಗ್. ಅಂಥದ್ದನ್ನು ಗೆರೆಯಲ್ಲಿ ಎರಡು ಮಾಡಿದರೂ ಕಾಳು ಒಡೆಯುವುದಿಲ್ಲ, ಹಾಗಾಗಿ ಅರ್ಧ ಮಾಡಬಹುದು, ಆದರೆ ಕುಟ್ಟಬಾರದು, ಜಗಿಯಬಾರದು. ಇನ್ನು ಕೆಲವು ಇಡೀ ಮಾತ್ರೆಯೇ ಒಂದು ಅಂಟು ಗಟ್ಟಿಯ ಹಾಗೆ, ನಿಧಾನವಾಗಿ ಕರಗುವುದು. ಮುರಿದರೆ ಬಿಡುವ ವೇಗ ಬದಲಾಗಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ನಾನು ಗೆರೆಯನ್ನು ನಂಬುವುದಿಲ್ಲ, ಆ ಕಂಪನಿಯ ಮಾಹಿತಿ ಚೀಟಿಯಲ್ಲಿ ಏನಿದೆ ನೋಡುತ್ತೇನೆ, ಇಲ್ಲದಿದ್ದರೆ ಕಡಿಮೆ ಎಂಜಿಯ ಇಡೀ ಮಾತ್ರೆ ಇದೆಯಾ ಅಂತ ಹುಡುಕಿ ಡಾಕ್ಟರನ್ನು ಕೇಳುತ್ತೇನೆ.

ನೈಟ್ ಡ್ಯೂಟಿ

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ ಸರ್. ಹಳ್ಳಿಯಿಂದ ಬರುವವರ ಕೈಯಲ್ಲಿ ಮಾಹಿತಿ ಚೀಟಿ ಎಲ್ಲಿರುತ್ತೆ? ಸ್ಟ್ರಿಪ್ ಮೇಲೇ ಮುರಿಯಬಹುದು, ಮುರಿಯಬಾರದು ಅಂತ ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಇರಬೇಕು.

ಹಳೇ ಕೌಂಟರ್, ಚಿಕ್ಕಮಗಳೂರು

ಇರಬೇಕು ಅನ್ನುವುದು ಸರಿ ತಾಯಿ. ಜಾಗ ಎಲ್ಲಿದೆ ಅನ್ನುವುದೇ ಪ್ರಶ್ನೆ. ಸ್ಟ್ರಿಪ್ಪಿನ ಹಿಂಭಾಗ ಈಗಲೇ ಭೂತಗನ್ನಡಿ ಕೇಳುತ್ತದೆ.

ಹೇಮಾವತಿ ದಂಡೆ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕನನ್ನು ಕೇಳಿಬಿಟ್ಟೆ. ಹಳೇ ಕೌಂಟರ್ ಸರ್ ಹೇಳಿದ್ದನ್ನೇ ಹೇಳಿದರು, ಆದರೆ ಇನ್ನೂ ಒಂದು ಹೇಳಿದರು. ಎರಡು ಮೆಟೊಪ್ರೊಲಾಲ್ ಅಕ್ಕಪಕ್ಕದ ಡಬ್ಬದಲ್ಲಿ ಇದ್ದದ್ದು ಅವರದೇ ತಪ್ಪು ಅಂತ. ಹೆಸರಿನ ಪ್ರಕಾರ ಜೋಡಿಸಿದರೆ ಅವು ಪಕ್ಕಪಕ್ಕವೇ ಬರುತ್ತವೆ, ಅದಕ್ಕೆ ಟಾರ್ಟ್ರೇಟ್ ಡಬ್ಬವನ್ನು ಕೆಳಗಿನ ಸಾಲಿಗೆ ಇಳಿಸಿ, ಮುಂದೆ ಕೆಂಪು ಚೀಟಿ ಅಂಟಿಸಿ "ಇಆರ್ ಅಲ್ಲ" ಅಂತ ನನ್ನ ಕೈಯಲ್ಲೇ ಬರೆಸಿದರು.

ನೋಟ್ ಪುಸ್ತಕದ ಆ ಸಾಲನ್ನು ಹೊಡೆದುಹಾಕಲೇ ಅಂತ ಕೇಳಿದೆ. ಬೇಡ, ಅದರ ಮುಂದೆ ಇನ್ನೊಂದು ಕಾಲಂ ಹಾಕು ಅಂದರು. ಈಗ ಹೆಸರು, ಲವಣ, ಎಂಜಿ ಆದ ಮೇಲೆ "ಹೇಗೆ ಬಿಡುತ್ತದೆ" ಅಂತ ನಾಲ್ಕನೇ ಕಾಲಂ ಇದೆ. ಮೆಟ್‌ಫಾರ್ಮಿನ್ ಸಾಲಿಗೆ ಬಂದಿದ್ದೇನೆ. ಅದರಲ್ಲೂ 500 ಅಂತ ಎರಡು ಥರ ಇದೆ, ಒಂದರಲ್ಲಿ ಎಸ್‌ಆರ್ ಇದೆ, ಒಂದರಲ್ಲಿ ಇಲ್ಲ.

ಕಾಯಿ ಮಂಡಿ, ಅರಸೀಕೆರೆ

ಡಾಕ್ಟರ್ ಸಿಕ್ಕರು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸ್ಟ್ರಿಪ್ ಎಲ್ಲಾ ತನ್ನಿ, ಆ ಮಾತ್ರೆ ಕುಟ್ಟಬೇಡಿ, ಬೆಳಿಗ್ಗೆ ಏನೂ ಕೊಡದೆ ಕರೆದುಕೊಂಡು ಬನ್ನಿ, ನಾಡಿ ನೋಡಿ ಹೇಳುತ್ತೇನೆ ಅಂದಿದ್ದಾರೆ. ಒಂದು ಸ್ಟ್ರಿಪ್ಪಿನ ಹಿಂದೆ ಹೆಸರೇ ಉಳಿದಿಲ್ಲ, ಕತ್ತರಿಸಿ ಕೊಟ್ಟದ್ದು, ಎರಡು ಮಾತ್ರೆ ಇದೆ. ಅದನ್ನೂ ಕವರಿಗೆ ಹಾಕಿದ್ದೇನೆ.